‘ಗೆಲುವಿನ ಸಾಧ್ಯತೆ ಶೇ. 70’ ಅಂದ್ರೆ ಏನು? ಚುನಾವಣಾ ಮಾಡೆಲ್‌ಗಳಿಗೆ ಅಂಕ ಕೊಡುವುದು ಹೇಗೆ

‘ಇಂಡಿಯಲ್ಲಿ ಕಾಂಗ್ರೆಸ್ ಗೆಲ್ಲುವ ಸಾಧ್ಯತೆ ಶೇ. 70’ ಎಂದು ಒಂದು ಮಾಡೆಲ್ ಹೇಳಿತು ಅಂದುಕೊಳ್ಳಿ. ಕಾಂಗ್ರೆಸ್ ಗೆದ್ದರೆ ಮಾಡೆಲ್ ಸರಿಯಿತ್ತಾ? ಸೋತರೆ ಸುಳ್ಳಾಯಿತಾ? ಒಂದೇ ಫಲಿತಾಂಶದಿಂದ ಎರಡನ್ನೂ ಹೇಳಲಾಗದು. ಮಾಡೆಲ್ ಶೇ. 70 ಎಂದ ಎಲ್ಲ ಕ್ಷೇತ್ರಗಳನ್ನು ಒಟ್ಟುಮಾಡಿದಾಗ ಅವುಗಳಲ್ಲಿ ಸುಮಾರು ಶೇ. 70ರಷ್ಟು ಕಡೆ ನಿಜಕ್ಕೂ ಗೆಲುವು ಬಂದಿರಬೇಕು. ಇದನ್ನೇ ಕ್ಯಾಲಿಬ್ರೇಷನ್ ಅನ್ನುತ್ತಾರೆ.

ಬ್ರಯರ್ ಸ್ಕೋರ್

ಹವಾಮಾನ ಮುನ್ಸೂಚನೆಗಳನ್ನು ಅಳೆಯಲು ಅಮೆರಿಕದ ಗ್ಲೆನ್ ಬ್ರಯರ್ 1950ರಲ್ಲಿ ಕೊಟ್ಟ ಅಳತೆ ಇದು. p ಎಂದರೆ ಮಾಡೆಲ್ ಹೇಳಿದ ಸಂಭವನೀಯತೆ. o ಎಂದರೆ ಫಲಿತಾಂಶ: ಗೆದ್ದರೆ 1, ಸೋತರೆ 0.

```
BS = (1/N) Σ (p − o)²
```

ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಎಲ್ಲ ಕಡೆ 50-50 ಎಂದು ಕೂತವರಿಗೆ ಸಿಗುವುದು 0.25. ಬ್ರಯರ್ ಅವರ ಮೂಲ ಸೂತ್ರದಲ್ಲಿ ಗೆಲುವು, ಸೋಲು ಎರಡರ ವ್ಯತ್ಯಾಸವನ್ನೂ ಕೂಡಿಸುವುದರಿಂದ ಅಂಕ ದುಪ್ಪಟ್ಟಾಗುತ್ತದೆ. ಹಾಗಾಗಿ ಎರಡು ವರದಿಗಳನ್ನು ಹೋಲಿಸುವ ಮೊದಲು ಯಾವ ಸೂತ್ರ ಬಳಸಿದ್ದಾರೆ ನೋಡಿ.

ವಿಜಯಪುರ ಜಿಲ್ಲೆಯ ನಾಲ್ಕು ಕ್ಷೇತ್ರಗಳನ್ನು ತಗೊಳ್ಳೋಣ. 2018ರಲ್ಲಿ ಇಂಡಿ ಮತ್ತು ಬಸವನ ಬಾಗೇವಾಡಿ ಕಾಂಗ್ರೆಸ್‌ಗೆ, ಸಿಂದಗಿ ಜೆಡಿಎಸ್‌ಗೆ, ಮುದ್ದೇಬಿಹಾಳ ಬಿಜೆಪಿಗೆ ಹೋಗಿದ್ದವು. 2021ರ ಉಪಚುನಾವಣೆಯಲ್ಲಿ ಸಿಂದಗಿಯನ್ನು ಬಿಜೆಪಿ ಗೆದ್ದಿತು. 2023ರಲ್ಲಿ ನಾಲ್ಕೂ ಕಾಂಗ್ರೆಸ್‌ಗೆ ಬಂದವು.

‘ಕಳೆದ ಸಲ ಗೆದ್ದ ಪಕ್ಷವೇ ಈ ಸಲವೂ’ ಎಂಬ ಸರಳ ನಿಯಮ ಹಾಕಿದರೆ ಕಾಂಗ್ರೆಸ್‌ಗೆ ಇಂಡಿ, ಬಾಗೇವಾಡಿಯಲ್ಲಿ 1, ಸಿಂದಗಿ, ಮುದ್ದೇಬಿಹಾಳದಲ್ಲಿ 0. ಎರಡು ಕಡೆ ಪೂರ್ತಿ ತಪ್ಪು, ಸ್ಕೋರ್ 0.5. ಸುಮ್ಮನೆ 50-50 ಎಂದವರಿಗಿಂತ ಇದು ಕಳಪೆ. ಖಚಿತವಾಗಿ ಹೇಳಿ ತಪ್ಪಿದರೆ ಬ್ರಯರ್ ಸ್ಕೋರ್ ಹೀಗೆ ದಂಡ ಹಾಕುತ್ತದೆ.

ಈಗ ಒಂದು ಕಾಲ್ಪನಿಕ ಮಾಡೆಲ್: ಬಾಗೇವಾಡಿ 0.8, ಇಂಡಿ 0.7, ಸಿಂದಗಿ 0.5, ಮುದ್ದೇಬಿಹಾಳ 0.4. ವ್ಯತ್ಯಾಸದ ವರ್ಗಗಳು ಕ್ರಮವಾಗಿ 0.04, 0.09, 0.25, 0.36. ಮೊತ್ತ 0.74, ಸರಾಸರಿ 0.185. 50-50ಗಿಂತ ಚೆನ್ನಾಗಿದೆ. ಆದರೆ ‘ನಾಲ್ಕೂ ಕಾಂಗ್ರೆಸ್‌ಗೆ, ಬರೆದಿಟ್ಕೊಳ್ಳಿ’ ಎಂದು ಕಟ್ಟೆ ಮೇಲೆ ಕೂತು ಹೇಳಿದವನಿಗೆ ಪೂರ್ತಿ ಸೊನ್ನೆ! ನಾಲ್ಕು ಕ್ಷೇತ್ರ ಇಟ್ಟುಕೊಂಡು ಜಾಣತನ ಯಾವುದು, ಅದೃಷ್ಟ ಯಾವುದು ಎಂದು ಬೇರ್ಪಡಿಸಲಾಗದು.

ರಿಲಯಬಿಲಿಟಿ ಟೇಬಲ್

ಅದಕ್ಕೇ 224 ಕ್ಷೇತ್ರಗಳೂ ಬೇಕು. ಮಾಡೆಲ್ ಕೊಟ್ಟ ಸಂಭವನೀಯತೆಯ ಪ್ರಕಾರ ಕ್ಷೇತ್ರಗಳನ್ನು ಗುಂಪು ಮಾಡಿ, ಪ್ರತಿ ಗುಂಪಿನಲ್ಲಿ ಹೇಳಿದ್ದೆಷ್ಟು, ಆದದ್ದೆಷ್ಟು ಎಂದು ಪಕ್ಕಪಕ್ಕ ಬರೆಯಬೇಕು. ಕೆಳಗಿನ ಗುಂಪುಗಳು ಕಾಲ್ಪನಿಕ. ಆದರೆ ಒಟ್ಟು ಗೆಲುವು ಮಾತ್ರ 2023ರಲ್ಲಿ ಕಾಂಗ್ರೆಸ್ ನಿಜವಾಗಿ ಪಡೆದ 135.

| ಗುಂಪು (ಶೇ.) | ಕ್ಷೇತ್ರ | ಹೇಳಿದ ಸರಾಸರಿ (ಶೇ.) | ಗೆಲುವು | ಆದದ್ದು (ಶೇ.) |
|---|---|---|---|---|
| 0–20 | 40 | 12 | 4 | 10 |
| 20–40 | 40 | 30 | 18 | 45 |
| 40–60 | 50 | 50 | 31 | 62 |
| 60–80 | 50 | 70 | 42 | 84 |
| 80–100 | 44 | 90 | 40 | 91 |

ಮಧ್ಯದ ಸಾಲನ್ನು ನೋಡಿ. 50 ಸಲ ನಾಣ್ಯ ಚಿಮ್ಮಿದರೆ 18ರಿಂದ 32ರವರೆಗೆ ಎಷ್ಟು ಬಂದರೂ ಸಹಜ. ಹಾಗಾಗಿ 31 ಗೆಲುವು ಒಂದೇ ಮಾಡೆಲ್ಲನ್ನು ತಪ್ಪಿತಸ್ಥ ಮಾಡುವುದಿಲ್ಲ. ಆದರೆ ಮಧ್ಯದ ಮೂರೂ ಸಾಲು ಒಂದೇ ಕಡೆ ವಾಲಿವೆ. ಮಾಡೆಲ್ ಪ್ರಕಾರ ಒಟ್ಟು ಸುಮಾರು 116 ಬರಬೇಕಿತ್ತು, ಬಂದದ್ದು 135. ಅಂದರೆ ಇದು ಕಾಂಗ್ರೆಸ್ಸನ್ನು ಕಡಿಮೆ ಅಂದಾಜು ಮಾಡಿದೆ. ಬ್ರಯರ್ ಸ್ಕೋರ್ ಎಂಬ ಒಂಟಿ ಸಂಖ್ಯೆಯಲ್ಲಿ ಈ ವಾಲುವಿಕೆ ಕಾಣುವುದಿಲ್ಲ, ಟೇಬಲ್‌ನಲ್ಲಿ ಕಾಣುತ್ತದೆ.

ಟೇಬಲ್‌ಗೂ ಒಂದು ಕುರುಡುತನ ಇದೆ. ಫಲಿತಾಂಶ ಬಂದ ಮೇಲೆ ಲೆಕ್ಕ ಹಾಕಿ, 224 ಕಡೆಯೂ ‘ಕಾಂಗ್ರೆಸ್‌ಗೆ ಶೇ. 60’ ಎಂದು ಬರೆದರೆ ಕ್ಯಾಲಿಬ್ರೇಷನ್ ಬಹುತೇಕ ಪರಿಪೂರ್ಣ, ಯಾಕಂದ್ರೆ 135 ಭಾಗಿಸು 224 ಅಂದರೆ ಶೇ. 60.3. ಆದರೆ ಸಿಂದಗಿಗೂ ಬಾಗೇವಾಡಿಗೂ ವ್ಯತ್ಯಾಸವನ್ನೇ ಹೇಳದ ಮಾಡೆಲ್ ಯಾರಿಗೆ ಬೇಕು? ಅದರ ಬ್ರಯರ್ ಸ್ಕೋರ್ 0.24, 50-50ಗಿಂತ ಕೂದಲೆಳೆ ಅಂತರ. ಆದ್ದರಿಂದ ಎರಡನ್ನೂ ಒಟ್ಟಿಗೆ ಓದಬೇಕು.

ಅಲೆ ಎಂಬ ತೊಡಕು

224 ಕ್ಷೇತ್ರ ಎಂದರೆ 224 ಬೇರೆ ಬೇರೆ ಪರೀಕ್ಷೆ ಅಲ್ಲ. ರಾಜ್ಯದಲ್ಲಿ ಗಾಳಿ ತಿರುಗಿದರೆ ಸಿಂದಗಿ, ಮುದ್ದೇಬಿಹಾಳ ಒಟ್ಟಿಗೇ ತಿರುಗುತ್ತವೆ, 2023ರಲ್ಲಿ ಆದದ್ದೂ ಅದೇ. ನಾಣ್ಯಗಳನ್ನು ದಾರ ಕಟ್ಟಿ ಚಿಮ್ಮಿದ ಹಾಗೆ. ಹಾಗಾಗಿ ಮೇಲಿನ ಟೇಬಲ್‌ನ ವಾಲುವಿಕೆ ಮಾಡೆಲ್‌ನ ಸ್ಥಾಯಿ ದೋಷವೋ, ಆ ಒಂದು ವರ್ಷದ ಅಲೆಯೋ ಎಂದು ಒಂದೇ ಚುನಾವಣೆಯಿಂದ ತಿಳಿಯದು. ಹಲವು ಚುನಾವಣೆಗಳ ಮುನ್ಸೂಚನೆಗಳನ್ನು ಸೇರಿಸಿ ಟೇಬಲ್ ಮಾಡಿದಾಗಲೂ ಅದೇ ಕಡೆ ವಾಲಿದ್ದರೆ ದೋಷ ಮಾಡೆಲ್‌ನದು. ವಾಲುವ ದಿಕ್ಕು ಚುನಾವಣೆಗೊಮ್ಮೆ ಬದಲಾಗುತ್ತಿದ್ದರೆ ಅದು ಅಲೆಯ ಆಟ.

ಮುಂದಿನ ಸಲ ಯಾರಾದರೂ ‘ನಾವು ಹೇಳಿದ್ದೇ ಆಯ್ತು’ ಅಂದರೆ ಕೇಳಬೇಕಾದ್ದು ಇಷ್ಟೇ: ಮತ ಎಣಿಕೆಗೆ ಮುಂಚೆ ಪ್ರಕಟಿಸಿದ ಕ್ಷೇತ್ರವಾರು ಸಂಭವನೀಯತೆಗಳು ಎಲ್ಲಿವೆ, ಮತ್ತು ಅಂಥ ಪಟ್ಟಿ ಎಷ್ಟು ಚುನಾವಣೆಗಳದ್ದಿದೆ?