ಫ್ಲ್ಯಾಟ್ 1,200 ಅಡಿ ಅಂತಾರೆ, ಒಳಗೆ ಸಿಗೋದು ಎಷ್ಟು? ಕಾರ್ಪೆಟ್, ಬಿಲ್ಟ್-ಅಪ್, ಸೂಪರ್ ಬಿಲ್ಟ್-ಅಪ್ ಲೆಕ್ಕ ಹೀಗೆ ನೋಡಿ

ಹಟ್ಟಿ: ಗಣಿ ಕೆಲಸದಿಂದ ನಿವೃತ್ತರಾದವರು ಗ್ರಾಚ್ಯುಟಿ, ಪಿಎಫ್ ಹಣ ಕೂಡಿಸಿ ಮಕ್ಕಳಿರುವ ಬೆಂಗಳೂರಲ್ಲೋ ರಾಯಚೂರಲ್ಲೋ ಒಂದು ಫ್ಲ್ಯಾಟ್ ನೋಡುವುದು ಈ ಭಾಗದಲ್ಲಿ ಹೊಸದಲ್ಲ. ಲಿಂಗಸುಗೂರು, ಮಸ್ಕಿ, ಸಿಂಧನೂರಿನ ವ್ಯಾಪಾರಸ್ಥರೂ ನೋಡ್ತಾರೆ. ನಮ್ಮ ಕಡೆ ಜಾಗ ಅಂದರೆ 30×40 ಸೈಟು, ಟೇಪ್ ಹಿಡಿದು ನಾಲ್ಕು ಮೂಲೆ ಅಳೆದರೆ ಮುಗೀತು. ಫ್ಲ್ಯಾಟ್ ಲೆಕ್ಕ ಹಾಗಲ್ಲ. "ಸಾವಿರದ ಇನ್ನೂರು ಅಡಿ ಅದ ರೀ, ಆರಾಮ ಆಗ್ತದ" ಅಂತ ಏಜೆಂಟ್ ಹೇಳಿದ ಮನೆಯೊಳಗೆ ಹೋಗಿ ಅಳೆದರೆ 840 ಅಡಿ ಇರಬಹುದು. ಏಜೆಂಟ್ ಸುಳ್ಳು ಹೇಳಿದ ಅಂತಲೂ ಅಲ್ಲ. ಅವನು ಹೇಳಿದ ಅಳತೆ ಬೇರೆ, ನೀವು ತಿಳಿದುಕೊಂಡ ಅಳತೆ ಬೇರೆ.

ಹಟ್ಟಿಯವರಿಗೆ ಬಂಗಾರದ ಉದಾಹರಣೆ ಸಾಕು. ಕಲ್ಲು ಕೂಡಿಸಿ ಒಡವೆಯ ತೂಕ ಒಂದು, ಕಲ್ಲು ತೆಗೆದು ಬರೀ ಬಂಗಾರದ ತೂಕ ಇನ್ನೊಂದು. ದುಡ್ಡು ಕೊಡುವಾಗ ಯಾವ ತೂಕಕ್ಕೆ ಅಂತ ಕೇಳದೆ ಯಾರೂ ಕೊಡಲ್ಲ. ಫ್ಲ್ಯಾಟ್‌ನಲ್ಲೂ ಅದೇ ಪ್ರಶ್ನೆ ಕೇಳಬೇಕು.

ಮೂರು ಅಳತೆ, ಒಂದೇ ಮನೆ

ಕಾರ್ಪೆಟ್ ಏರಿಯಾ ಅಂದರೆ ಮನೆಯೊಳಗೆ ಬಳಸಲು ಸಿಗುವ ನೆಲ. ಇದಕ್ಕೆ 2016ರ ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ ಎಲ್ಲರೂ ಹೇಳುವ ರೇರಾ ಕಾಯ್ದೆಯಲ್ಲೇ ಅರ್ಥ ಕೊಟ್ಟಿದ್ದಾರೆ. ಹೊರಗೋಡೆ, ಪೈಪು ಹೋಗುವ ಶಾಫ್ಟ್, ಆ ಮನೆಯದೇ ಆದ ಬಾಲ್ಕನಿ ಅಥವಾ ವರಾಂಡ, ತೆರೆದ ಟೆರೇಸ್ ಇವು ಯಾವುವೂ ಕಾರ್ಪೆಟ್‌ನಲ್ಲಿ ಬರಲ್ಲ. ಆದರೆ ಕೋಣೆ ಕೋಣೆ ನಡುವಿನ ಒಳಗೋಡೆ ನಿಂತಿರುವ ಜಾಗ ಬರುತ್ತದೆ. ಈ ಒಳಗೋಡೆ ವಿಷಯ ನೆನಪಿರಲಿ, ಅಳೆಯುವಾಗ ಬಹಳ ಜನ ತಪ್ಪೋದು ಇಲ್ಲೇ.

ಬಿಲ್ಟ್-ಅಪ್ ಏರಿಯಾ ಅಂದರೆ ಈ ಕಾರ್ಪೆಟ್‌ಗೆ ಹೊರಗೋಡೆಯ ದಪ್ಪ ಮತ್ತು ಬಾಲ್ಕನಿ ಕೂಡಿಸಿದ್ದು.

ಸೂಪರ್ ಬಿಲ್ಟ್-ಅಪ್ ಅಂದರೆ ಅದರ ಮೇಲೆ ಇಡೀ ಕಟ್ಟಡದ ಸಾಮಾನ್ಯ ಜಾಗದಲ್ಲಿ ನಿಮ್ಮ ಪಾಲು. ಮೆಟ್ಟಿಲು, ಲಿಫ್ಟ್, ಪ್ಯಾಸೇಜು, ಗೇಟಿನ ಬಳಿಯ ಲಾಬಿ, ಕ್ಲಬ್ ಹೌಸ್ ಇದ್ದರೆ ಅದೂ. ರೇರಾ ಕಾಯ್ದೆಯಲ್ಲಿ ಈ ಸೂಪರ್ ಬಿಲ್ಟ್-ಅಪ್ ಅನ್ನುವ ಪದಕ್ಕೆ ಅರ್ಥವನ್ನೇ ಕೊಟ್ಟಿಲ್ಲ. ಹಾಗಾಗಿ ಒಬ್ಬ ಬಿಲ್ಡರ್ ಒಂದು ಕೂಡಿಸ್ತಾನೆ, ಇನ್ನೊಬ್ಬ ಇನ್ನೊಂದು ಕೂಡಿಸ್ತಾನೆ. ಎರಡು ಕಟ್ಟಡದ ಸೂಪರ್ ಬಿಲ್ಟ್-ಅಪ್ ಹೋಲಿಸಿ ದರ ಮಾತಾಡೋದರಲ್ಲಿ ಅರ್ಥವಿಲ್ಲ ಅನ್ನೋದು ಇದಕ್ಕೇ.

ಮೇಲಿನ 1,200 ಅಡಿ ಮನೆಯನ್ನೇ ಲೆಕ್ಕಕ್ಕೆ ಉದಾಹರಣೆಯಾಗಿ ಬಿಡಿಸೋಣ. ಕಾರ್ಪೆಟ್ 840 ಚದರ ಅಡಿ. ಹೊರಗೋಡೆ 80, ಬಾಲ್ಕನಿ 50. ಅಲ್ಲಿಗೆ ಬಿಲ್ಟ್-ಅಪ್ 970. ಸಾಮಾನ್ಯ ಜಾಗದ ಪಾಲು 230. ಒಟ್ಟು 1,200. ಅಂದರೆ 840ರ ಮೇಲೆ 360 ಅಡಿ ಹೇರಿದ್ದಾರೆ. ಇದನ್ನೇ ಬಿಲ್ಡರ್‌ಗಳು ಲೋಡಿಂಗ್ ಅಂತಾರೆ. ಇಲ್ಲಿ ಲೋಡಿಂಗ್ ಹತ್ತಿರ ಹತ್ತಿರ ಶೇ 43.

ದರ ಕಮ್ಮಿ ಕಂಡದ್ದೇ ದುಬಾರಿ ಆಗಬಹುದು

ಈ ಮನೆಗೆ ಚದರ ಅಡಿಗೆ 4,500 ರೂಪಾಯಿ ಅಂದುಕೊಳ್ಳಿ. 1,200ಕ್ಕೆ ಗುಣಿಸಿದರೆ 54 ಲಕ್ಷ. ಪಕ್ಕದ ರಸ್ತೆಯಲ್ಲಿ ಇನ್ನೊಂದು ಕಟ್ಟಡ. ಅಲ್ಲಿ ಸೂಪರ್ ಬಿಲ್ಟ್-ಅಪ್ 1,100, ದರ 4,700, ಒಟ್ಟು 51.70 ಲಕ್ಷ. ದರ ಮಾತ್ರ ನೋಡಿದವರಿಗೆ ಮೊದಲನೆಯದೇ ಅಗ್ಗ. ಜಾಗವೂ 100 ಅಡಿ ಜಾಸ್ತಿ ಅನ್ನಿಸುತ್ತದೆ.

ಈಗ ಎರಡರದೂ ಕಾರ್ಪೆಟ್ ಕೇಳಿ. ಮೊದಲನೆಯದು 840, ಎರಡನೆಯದು 825. ಒಳಗಿನ ವ್ಯತ್ಯಾಸ ಬರೀ 15 ಅಡಿ. ಒಟ್ಟು ಬೆಲೆಯನ್ನು ಕಾರ್ಪೆಟ್‌ನಿಂದ ಭಾಗಿಸಿದರೆ ಮೊದಲನೆಯದಕ್ಕೆ ಅಡಿಗೆ ಸುಮಾರು 6,429 ರೂಪಾಯಿ, ಎರಡನೆಯದಕ್ಕೆ ಸುಮಾರು 6,267. ದರ ಜಾಸ್ತಿ ಹೇಳಿದವರ ಮನೆಯೇ ಅಡಿ ಲೆಕ್ಕದಲ್ಲಿ ಅಗ್ಗ. ಫ್ಲ್ಯಾಟ್ ಹೋಲಿಸಲು ಈ ಒಂದು ಭಾಗಾಕಾರ ಸಾಕು. ಪಾರ್ಕಿಂಗ್, ಕ್ಲಬ್ ಅಂತ ಬೇರೆ ಹಣ ಹೇಳಿದರೆ ಅದನ್ನೂ ಒಟ್ಟು ಬೆಲೆಗೆ ಕೂಡಿಸಿಯೇ ಭಾಗಿಸಬೇಕು.

ಹೇಳಿದ್ದು ಬರೆದಿದೆಯಾ? ಮೊದಲು ಇಲ್ಲಿ ನೋಡಿ

ರೇರಾದಲ್ಲಿ ನೋಂದಣಿ ಆಗಬೇಕಾದ ಯೋಜನೆಯ ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ ಇರಲೇಬೇಕು. ಕರ್ನಾಟಕದ್ದಾದರೆ ಅದು PRM/KA/RERA ಅಂತ ಶುರುವಾಗುತ್ತದೆ. rera.karnataka.gov.in ತೆಗೆದು ಯೋಜನೆಯ ಹೆಸರು ಅಥವಾ ಆ ಸಂಖ್ಯೆ ಹಾಕಿ ಹುಡುಕಿ. ಮಾರಾಟಕ್ಕಿರುವ ಫ್ಲ್ಯಾಟ್‌ಗಳು ಎಷ್ಟು, ಯಾವ ಬಗೆಯವು, ಕಾರ್ಪೆಟ್ ಎಷ್ಟು, ಬಾಲ್ಕನಿ ಎಷ್ಟು ಅನ್ನುವುದನ್ನು ಬಿಲ್ಡರ್ ಪ್ರಾಧಿಕಾರಕ್ಕೆ ಕೊಡಲೇಬೇಕು. ಮಂಜೂರಾದ ನಕ್ಷೆಯನ್ನೂ ಕೊಡಬೇಕು.

ಅಳತೆ ಚದರ ಮೀಟರ್‌ನಲ್ಲಿ ಇದ್ದರೆ ಗಾಬರಿ ಬೇಡ. 10.764ರಿಂದ ಗುಣಿಸಿದರೆ ಚದರ ಅಡಿ ಬರುತ್ತದೆ. 78 ಚದರ ಮೀಟರ್ ಅಂತ ಇದ್ದರೆ ಸುಮಾರು 840 ಅಡಿ. ಬ್ರೋಷರ್‌ನಲ್ಲಿ ಒಂದು, ರೇರಾ ಪುಟದಲ್ಲಿ ಇನ್ನೊಂದು ಇದ್ದರೆ ಅಡ್ವಾನ್ಸ್ ಕೊಡುವ ಮುಂಚೆಯೇ ಬಿಲ್ಡರ್‌ನಿಂದ ಬರವಣಿಗೆಯಲ್ಲಿ ಉತ್ತರ ಕೇಳಿ.

ಅಡ್ವಾನ್ಸ್‌ಗೂ ಮಿತಿ ಇದೆ. ಮಾರಾಟ ಒಪ್ಪಂದ ಬರೆದು ನೋಂದಾಯಿಸುವ ಮೊದಲು ಒಟ್ಟು ಬೆಲೆಯ ಶೇ 10ಕ್ಕಿಂತ ಹೆಚ್ಚು ತಗೊಳ್ಳುವಂತಿಲ್ಲ. 54 ಲಕ್ಷದ ಮನೆಗೆ 5.40 ಲಕ್ಷ. "ಪೂರ್ತಿ ಹಣ ಹಾಕ್ರಿ, ಅಗ್ರಿಮೆಂಟ್ ಆಮ್ಯಾಲೆ ಮಾಡೋಣ" ಅನ್ನುವ ಮಾತಿಗೆ ಒಪ್ಪಬೇಡಿ. ಅಳತೆ ಕಮ್ಮಿ ಬಂದಾಗ ಕೈಯಲ್ಲಿ ಹಿಡಿಯಲು ಇರುವುದು ಆ ಒಪ್ಪಂದ ಒಂದೇ.

ಒಪ್ಪಂದದಲ್ಲಿ ಕಾರ್ಪೆಟ್ ಏರಿಯಾ ಅನ್ನುವ ಪದ, ಅದರ ಮುಂದೆ ಅಂಕಿ ಇರಬೇಕು. ನಮ್ಮ ರಾಜ್ಯದಲ್ಲಿ ಅಪಾರ್ಟ್‌ಮೆಂಟ್‌ನ ಮಾರ್ಗಸೂಚಿ ದರವನ್ನು ಸಾಮಾನ್ಯವಾಗಿ ಸೂಪರ್ ಬಿಲ್ಟ್-ಅಪ್ ಮೇಲೆ ಲೆಕ್ಕ ಹಾಕುವುದರಿಂದ ಕ್ರಯಪತ್ರದಲ್ಲಿ ಆ ಅಂಕಿಯೂ ಬರುತ್ತದೆ. ಬರಲಿ. ಆದರೆ ಅದೊಂದೇ ಇದ್ದು ಕಾರ್ಪೆಟ್ ಇಲ್ಲದಿದ್ದರೆ ಸಹಿ ಹಾಕಬೇಡಿ.

ಟೇಪ್ ಹಿಡಿದು ಅಳೆಯುವ ಕ್ರಮ

ಕೀ ತಗೊಂಡು ಸ್ವಾಧೀನ ಪತ್ರಕ್ಕೆ ಸಹಿ ಹಾಕುವ ಮುಂಚೆ ಅಳೆಯಬೇಕು. ಒಂದು ಟೇಪು, ಜತೆಗೊಬ್ಬ ಮೇಸ್ತ್ರಿ ಇದ್ದರೆ ಸಾಕು. ಪ್ರತಿ ಕೋಣೆಯನ್ನು ಗೋಡೆಯಿಂದ ಗೋಡೆಗೆ, ನೆಲದ ಹತ್ತಿರ ಅಳೆದು ಬರೆದುಕೊಳ್ಳಿ. ಉದಾಹರಣೆಯ ಮನೆಯಲ್ಲಿ ಅಳೆದಾಗ ಹೀಗೆ ಬಂತು ಅನ್ನೋಣ:

- ಹಾಲ್, ಊಟದ ಜಾಗ 22×12 = 264
- ದೊಡ್ಡ ಬೆಡ್‌ರೂಮ್ 14×11 = 154
- ಸಣ್ಣ ಬೆಡ್‌ರೂಮ್ 12×11 = 132
- ಅಡುಗೆಮನೆ 11×9 = 99
- ಎರಡು ಬಾತ್‌ರೂಮ್, ತಲಾ 8×5 = 80
- ಒಳಗಿನ ಪ್ಯಾಸೇಜು 14×4 = 56

ಒಟ್ಟು 785 ಚದರ ಅಡಿ. ಇದನ್ನು ನೋಡಿ 55 ಅಡಿ ಮೋಸ ಆಯ್ತು ಅಂತ ಜಗಳಕ್ಕೆ ಹೋದರೆ ಬಿಲ್ಡರ್ ಸುಲಭವಾಗಿ ಬಾಯಿ ಮುಚ್ಚಿಸ್ತಾನೆ. ಯಾಕಂದರೆ ಒಳಗೋಡೆ ಕೂಡಿಸಿಲ್ಲ. ಕೋಣೆಗಳ ನಡುವಿನ ಗೋಡೆಗಳ ಉದ್ದವೆಲ್ಲ ಸೇರಿ 100 ಅಡಿ ಇದ್ದು, ಗಾರೆ ಸೇರಿ ದಪ್ಪ 5 ಇಂಚು ಇದ್ದರೆ, ಅದು ಸುಮಾರು 42 ಚದರ ಅಡಿ. 785ಕ್ಕೆ 42 ಕೂಡಿಸಿದರೆ 827. ನಿಜವಾದ ಕೊರತೆ 13 ಅಡಿ.

ಇನ್ನೊಂದು ಮಾತು. ನಕ್ಷೆಯಲ್ಲಿ ಅಳತೆ ಸಾಮಾನ್ಯವಾಗಿ ಗಾರೆ ಮಾಡುವ ಮುಂಚಿನದು, ಇಟ್ಟಿಗೆಯಿಂದ ಇಟ್ಟಿಗೆಗೆ. ಹೊರಗೋಡೆಯ ಒಳಮೈಗೆ ಅರ್ಧ ಇಂಚು ಗಾರೆ ಬಿದ್ದರೆ ಇಷ್ಟು ದೊಡ್ಡ ಮನೆಯಲ್ಲಿ ಸುತ್ತಲೂ ಸೇರಿ ಸುಮಾರು 5 ಅಡಿ ಕರಗುತ್ತದೆ. ಒಪ್ಪಂದದಲ್ಲಿ ಅಳತೆ ಗಾರೆಗೆ ಮುಂಚಿನದು ಅಂತ ಬರೆದಿದ್ದರೆ ಆ 5 ಅಡಿ ಕೇಳಲು ಬರಲ್ಲ, ಉಳಿದ 8 ಅಡಿ ಕೇಳಬಹುದು. ಏನೂ ಬರೆಯದಿದ್ದರೆ ಪೂರ್ತಿ 13 ಅಡಿ ಕೇಳಿ. ಹಾಗಾಗಿ ಸಹಿಗೆ ಮುಂಚೆಯೇ ಇದನ್ನು ಕೇಳಿ ಬರೆಸಿಕೊಳ್ಳೋದು ಒಳ್ಳೇದು.

ಗಾರೆ ಲೆಕ್ಕ ಮೀರಿ ಕೊರತೆ ಇದ್ದರೆ ಎರಡು ಕಡೆ ನೋಡಿ. ಶಾಫ್ಟ್ ಜಾಗವನ್ನು ಕಾರ್ಪೆಟ್‌ಗೆ ಸೇರಿಸಿದ್ದಾರಾ? ಬಾಲ್ಕನಿಗೆ ಗಾಜು ಹಾಕಿ ಅದನ್ನೂ ಕೋಣೆ ಅಂತ ಎಣಿಸಿದ್ದಾರಾ? ಮಂಜೂರಾದ ನಕ್ಷೆಯಲ್ಲಿ ಬಾಲ್ಕನಿ ಅಂತ ಇದ್ದದ್ದು ಗಾಜು ಹಾಕಿದ ಮಾತ್ರಕ್ಕೆ ಕಾರ್ಪೆಟ್ ಆಗಲ್ಲ.

ಕಮ್ಮಿ ಬಂದರೆ ಹಣ ವಾಪಸ್

ರೇರಾ ನಿಯಮದ ಜತೆ ಇರುವ ಮಾದರಿ ಮಾರಾಟ ಒಪ್ಪಂದದ ಪ್ರಕಾರ, ಕಟ್ಟಡ ಮುಗಿದ ಮೇಲೆ ಬಿಲ್ಡರ್ ಅಂತಿಮ ಕಾರ್ಪೆಟ್ ಏರಿಯಾ ತಿಳಿಸಬೇಕು. ಕಮ್ಮಿ ಆಗಿದ್ದರೆ ಹೆಚ್ಚಾಗಿ ತಗೊಂಡ ಹಣವನ್ನು 45 ದಿನದೊಳಗೆ ಬಡ್ಡಿ ಸಮೇತ ಕೊಡಬೇಕು. ಜಾಸ್ತಿ ಆಗಿದ್ದರೆ ಬಿಲ್ಡರ್ ಕೂಡ ಹೆಚ್ಚಿನ ಹಣ ಕೇಳಬಹುದು, ಆದರೆ ಶೇ 3ರಷ್ಟು ಹೆಚ್ಚಳದವರೆಗೆ ಮಾತ್ರ. ಮೇಲಿನ ಮನೆಯಲ್ಲಿ 13 ಅಡಿಗೆ ಕಾರ್ಪೆಟ್ ದರದಲ್ಲಿ ಸುಮಾರು 83,570 ರೂಪಾಯಿ, 8 ಅಡಿ ಆದರೂ 51,400ರ ಮೇಲೆ. ಬಿಡುವಷ್ಟು ಸಣ್ಣ ಮೊತ್ತವಲ್ಲ.

ಮೊದಲು ಅಳತೆಯ ಪಟ್ಟಿ ಇಟ್ಟು ಬಿಲ್ಡರ್‌ಗೆ ಸ್ಪೀಡ್ ಪೋಸ್ಟ್ ಅಥವಾ ಇಮೇಲ್ ಮಾಡಿ. ಫೋನಿನಲ್ಲಿ ಆಡಿದ ಮಾತು ದಾಖಲೆ ಆಗಲ್ಲ. ಸರಿ ಉತ್ತರ ಬರದಿದ್ದರೆ ಅದೇ ರೇರಾ ವೆಬ್‌ಸೈಟ್‌ನಲ್ಲಿ ದೂರು ಹಾಕಬಹುದು. ದೂರು ಕೊಡಲು ಬೆಂಗಳೂರಿಗೆ ಹೋಗಬೇಕಿಲ್ಲ.

ನಮ್ಮೂರಿನ ಸಣ್ಣ ಕಟ್ಟಡಗಳ ಕಥೆ ಬೇರೆ

ಜಾಗ 500 ಚದರ ಮೀಟರ್ ಮೀರದಿದ್ದರೆ ಅಥವಾ ಫ್ಲ್ಯಾಟ್‌ಗಳು ಎಂಟಕ್ಕಿಂತ ಹೆಚ್ಚಿಲ್ಲದಿದ್ದರೆ ರೇರಾ ನೋಂದಣಿ ಕಡ್ಡಾಯವಲ್ಲ. 500 ಚದರ ಮೀಟರ್ ಅಂದರೆ ಸುಮಾರು 5,382 ಚದರ ಅಡಿ. 60×80 ಸೈಟು 4,800 ಅಡಿ ಆಗುವುದರಿಂದ ಅದು ಇದರೊಳಗೇ ಬರುತ್ತದೆ. ತಾಲ್ಲೂಕು ಕೇಂದ್ರಗಳಲ್ಲಿ ಅಂಥ ಸೈಟಿನಲ್ಲಿ ಎದ್ದ ಮೂರು ಮಹಡಿ ಕಟ್ಟಡದಲ್ಲಿ ಫ್ಲ್ಯಾಟ್ ಕೊಳ್ಳುವವರಿಗೆ ರೇರಾ ಪುಟದಲ್ಲಿ ಏನೂ ಸಿಗದೇ ಇರಬಹುದು.

ಅಂಥ ಕಡೆ ಕಟ್ಟಡ ಪರವಾನಗಿ ಕೊಟ್ಟ ನಗರಸಭೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯ ಮಂಜೂರಾದ ನಕ್ಷೆಯ ಪ್ರತಿಯನ್ನು ಮಾಲೀಕರಿಂದ ಕೇಳಿ ಪಡೆಯಿರಿ. ಕೊಡದಿದ್ದರೆ ಕಚೇರಿಯಲ್ಲೇ ಮಾಹಿತಿ ಹಕ್ಕು ಅರ್ಜಿ ಹಾಕಬಹುದು. ಒಪ್ಪಂದದಲ್ಲಿ ನೀವೇ ಎರಡು ಸಾಲು ಸೇರಿಸಿ: ಕಾರ್ಪೆಟ್ ಇಷ್ಟು ಅಡಿ, ಅದು ರೇರಾ ಕಾಯ್ದೆಯಲ್ಲಿ ಹೇಳಿದ ಅರ್ಥದಲ್ಲಿ, ಕಮ್ಮಿ ಬಂದರೆ ಅಡಿಗೆ ಇಷ್ಟರಂತೆ ವಾಪಸ್. ಮುಂದೆ ತಕರಾರು ಬಂದರೆ ರಾಯಚೂರಿನ ಜಿಲ್ಲಾ ಗ್ರಾಹಕರ ಆಯೋಗದ ಮುಂದೆ ಇಡಲು ಆ ಎರಡು ಸಾಲೇ ಆಧಾರ.