ಸೆಕೆಂಡಿಗೆ ಹತ್ತು ಆರ್ಡರ್: ಈ ಗೆರೆ ಎಲ್ಲಿಂದ ಬಂತು?

ಕಳೆದ ವಾರ ಗೆಳೆಯನೊಬ್ಬ ಫೋನ್ ಮಾಡಿ, 'ಮಗಾ, ನಿನ್ನ ಸ್ಕ್ರಿಪ್ಟ್ ನನ್ನ ಅಕೌಂಟಿಗೂ ಹಾಕ್ಕೊಡೋ' ಅಂದ. ಆಗಲ್ಲ ಅಂದೆ. ಯಾಕೆ ಆಗಲ್ಲ ಅಂತ ಅವನಿಗೆ ಹೇಳೋಕೆ ಹೋಗಿ 2011ರ ದೀಪಾವಳಿವರೆಗೂ ಹಿಂದಕ್ಕೆ ಹೋಗಬೇಕಾಯ್ತು. ಅದನ್ನೇ ಇವತ್ತು ನಿಮಗೂ ಹೇಳ್ತೀನಿ.

ದೀಪಾವಳಿ ದಿನ ಮುಂಬೈನ ಷೇರುಪೇಟೆಯಲ್ಲಿ ಮುಹೂರ್ತ ವಹಿವಾಟು ಅಂತ ಸ್ವಲ್ಪ ಹೊತ್ತು ನಡೆಯುತ್ತೆ, ಶಾಸ್ತ್ರಕ್ಕೆ. 2011ರ ಅಕ್ಟೋಬರ್ 26ರಂದು ಬಿಎಸ್‌ಇ ಆ ಸಂಜೆಯ ಫ್ಯೂಚರ್ಸ್ ವಹಿವಾಟನ್ನು ಆಮೇಲೆ ರದ್ದು ಮಾಡಬೇಕಾಗಿ ಬಂತು. ಒಬ್ಬ ಬ್ರೋಕರ್ ಕಡೆಯ ಪ್ರೋಗ್ರಾಂ ಎಡವಟ್ಟು ಮಾಡಿಕೊಂಡು ಆರ್ಡರ್ ಮೇಲೆ ಆರ್ಡರ್ ಹಾಕ್ತಾ ಹೋಗಿತ್ತು. ನಿಲ್ಲಿಸು ಅಂತ ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ.

ಐದು ತಿಂಗಳ ನಂತರ, 2012ರ ಮಾರ್ಚ್ 30ರಂದು, ಸೆಬಿ ಆಲ್ಗೊ ವಹಿವಾಟಿಗೆ ಮೊದಲ ವಿವರವಾದ ನಿಯಮ ತಂದಿತು. ಆ ಸುತ್ತೋಲೆಯಲ್ಲಿ ಒಂದು ಮಾತಿದೆ: ಪ್ರೋಗ್ರಾಂ ಸುತ್ತಿನಲ್ಲಿ ಸಿಕ್ಕಿಕೊಂಡು ಹತೋಟಿ ತಪ್ಪಿದರೆ ಅದನ್ನು ಪತ್ತೆ ಹಚ್ಚುವ ವ್ಯವಸ್ಥೆ ಬ್ರೋಕರ್ ಬಳಿ ಇರಬೇಕು. ಇದನ್ನು ಓದುವಾಗ ನನಗೆ ಆ ದೀಪಾವಳಿಯೇ ನೆನಪಾಗುತ್ತೆ. ಜೊತೆಗೆ, ಪ್ರೋಗ್ರಾಂ ಹಾಕಿದ ಪ್ರತಿ ಆರ್ಡರಿಗೂ ಗುರುತಿನ ಸಂಖ್ಯೆ ಇರಬೇಕು, ಬ್ರೋಕರ್ ಎಕ್ಸ್‌ಚೇಂಜಿನ ಒಪ್ಪಿಗೆ ಪಡೆದೇ ಆಲ್ಗೊ ಓಡಿಸಬೇಕು ಅಂತಾಯ್ತು. ಆಗ ಆಲ್ಗೊ ಅಂದ್ರೆ ದೊಡ್ಡ ಸಂಸ್ಥೆಗಳ ಆಟ. ನಿಮ್ಮ ನನ್ನಂಥವರು ಮನೆಯ ಲ್ಯಾಪ್‌ಟಾಪಿನಿಂದ ಆಲ್ಗೊ ಓಡಿಸ್ತೀವಿ ಅನ್ನೋ ಕಲ್ಪನೆ ಆ ಕಾಗದದಲ್ಲಿ ಇರಲಿಲ್ಲ.

ಮೂರ್ನಾಲ್ಕು ವರ್ಷದಲ್ಲೇ ಚಿತ್ರ ಬದಲಾಯ್ತು. ನಮ್ಮ ಬೆಂಗಳೂರಿನ ಝೀರೋಧ ಸೇರಿದಂತೆ ಬ್ರೋಕರ್‌ಗಳು ಗ್ರಾಹಕರಿಗೆ ಎಪಿಐ ಕೊಡೋಕೆ ಶುರು ಮಾಡಿದರು. ಎಪಿಐ ಅಂದ್ರೆ ಆ್ಯಪ್‌ನಲ್ಲಿ ಬೆರಳಿಂದ ಒತ್ತುವ ಗುಂಡಿಯನ್ನು ನಿಮ್ಮ ಕೋಡ್ ಒತ್ತೋ ದಾರಿ. ಸ್ವಲ್ಪ ಪೈಥಾನ್ ಬಂದರೆ ಸಾಕು. ಇಲ್ಲೊಂದು ಗೊಂದಲ ಹುಟ್ಟಿತು. ಎಪಿಐ ಮೂಲಕ ಬಂದ ಆರ್ಡರ್ ಪ್ರೋಗ್ರಾಂ ಹಾಕಿದ್ದೋ, ಮನುಷ್ಯ ಹಾಕಿದ್ದೋ ಎಕ್ಸ್‌ಚೇಂಜಿಗೆ ಗೊತ್ತಾಗ್ತಿರಲಿಲ್ಲ. ನಿಯಮ ಇತ್ತು, ಆದರೆ ಆ ಆರ್ಡರಿನ ಮೇಲೆ ಗುರುತೇ ಇರಲಿಲ್ಲ. ಈ ಸಂದಿಯಲ್ಲೇ 'ತಿಂಗಳಿಗೆ ಇಷ್ಟು ಪರ್ಸೆಂಟ್ ಗ್ಯಾರಂಟಿ' ಅಂತ ಆಲ್ಗೊ ಮಾರೋರು ಬೆಳೆದರು.

2021ರ ಡಿಸೆಂಬರಿನಲ್ಲಿ ಸೆಬಿ ಒಂದು ಚರ್ಚಾಪತ್ರ ಹೊರಡಿಸಿ, ಎಪಿಐನಿಂದ ಬಂದ ಎಲ್ಲ ಆರ್ಡರನ್ನೂ ಆಲ್ಗೊ ಅಂತಲೇ ಪರಿಗಣಿಸೋಣ, ಪ್ರತಿಯೊಂದು ಆಲ್ಗೊಗೂ ಎಕ್ಸ್‌ಚೇಂಜ್ ಒಪ್ಪಿಗೆ ಬೇಕು ಅಂದಿತು. ಯೋಚನೆ ಮಾಡಿ. ಸ್ಟಾಪ್‌ಲಾಸನ್ನು ಐದು ನಿಮಿಷಕ್ಕೊಮ್ಮೆ ಸರಿಸೋ ಹತ್ತು ಸಾಲಿನ ಕೋಡಿಗೂ ಒಪ್ಪಿಗೆ. ಅದರಲ್ಲಿ ಒಂದು ಅಂಕಿ ಬದಲಿಸಿದರೆ? ಇದು ನಡೆಯೋ ಮಾತಲ್ಲ ಅಂತ ಆಗಲೇ ನನಗನ್ನಿಸಿತ್ತು.

ಉತ್ತರ ಸಿಕ್ಕಿದ್ದು 2025ರ ಫೆಬ್ರವರಿ 4ರ ಸುತ್ತೋಲೆಯಲ್ಲಿ. ಕೋಡ್ ಏನು ಯೋಚಿಸುತ್ತೆ ಅನ್ನೋದಕ್ಕಿಂತ, ಅದು ಎಷ್ಟು ವೇಗವಾಗಿ ಆರ್ಡರ್ ಹಾಕುತ್ತೆ ಅನ್ನೋದರ ಮೇಲೆ ಗೆರೆ ಎಳೆದರು. ಆ ವೇಗ ಎಷ್ಟು ಅಂತ ಎಕ್ಸ್‌ಚೇಂಜ್‌ಗಳ ಕಡೆಯಿಂದ ಆ ಮೇ ತಿಂಗಳಲ್ಲಿ ಬಂತು: ಒಂದು ಎಕ್ಸ್‌ಚೇಂಜಿನ ಒಂದು ವಿಭಾಗದಲ್ಲಿ ಸೆಕೆಂಡಿಗೆ 10 ಆರ್ಡರ್. ಅದರೊಳಗಿದ್ದರೆ ನಿಮ್ಮ ಸ್ವಂತ ಕೋಡನ್ನು ನೋಂದಾಯಿಸಬೇಕಿಲ್ಲ. ಆದರೂ ನಿಮ್ಮ ಆರ್ಡರ್ ಮೇಲೆ ಸಾಮಾನ್ಯ ಆಲ್ಗೊ ಗುರುತೊಂದು ಬೀಳುತ್ತೆ, ಇದನ್ನು ತುಂಬ ಜನ ಮರೀತಾರೆ. ಅದಕ್ಕಿಂತ ವೇಗ ಬೇಕಂದ್ರೆ ಬ್ರೋಕರ್ ಮೂಲಕ ಎಕ್ಸ್‌ಚೇಂಜಿನಲ್ಲಿ ಆ ಆಲ್ಗೊ ನೋಂದಾಯಿಸಬೇಕು. ನೇರವಾಗಿ ನೀವು ಎಕ್ಸ್‌ಚೇಂಜಿಗೆ ಹೋಗೋ ಹಾಗಿಲ್ಲ.

ಹತ್ತು ಅಂದ್ರೆ ಧಾರಾಳ ಆಯ್ತಲ್ಲ ಅಂತ ನಾನೂ ಅಂದ್ಕೊಂಡಿದ್ದೆ. ನನ್ನ ಸ್ಕ್ರಿಪ್ಟ್ ನಿಫ್ಟಿ ಆಪ್ಷನ್‌ನಲ್ಲಿ ಐರನ್ ಕಾಂಡರ್ ಹಾಕುತ್ತೆ. ಹತ್ತಿರದ ಒಂದು ಪುಟ್, ಒಂದು ಕಾಲ್ ಮಾರೋದು; ರಕ್ಷಣೆಗೆ ದೂರದ ಒಂದು ಕಾಲ್, ಒಂದು ಪುಟ್ ಕೊಳ್ಳೋದು. ಒಟ್ಟು ನಾಲ್ಕು ಕಾಲು. ಪ್ರಮಾಣ ಜಾಸ್ತಿ ಅಂತ ಪ್ರತಿ ಕಾಲನ್ನೂ ಮೂರು ತುಂಡು ಮಾಡಿದ್ದೆ. ನಾಲ್ಕು ಮೂರ್ಲೆ ಹನ್ನೆರಡು. ಒಂದೇ ಲೂಪ್, ಅರ್ಧ ಸೆಕೆಂಡಿನಲ್ಲಿ ಹನ್ನೆರಡೂ ಹೊರಟವು.

ಹತ್ತು ಹೋದವು. ಹನ್ನೊಂದು, ಹನ್ನೆರಡಕ್ಕೆ ಉತ್ತರ `429 Too Many Requests`. ಈಗ ನೋಡಿ, ನಾನು ಬರೆದ ಕ್ರಮದಲ್ಲಿ ಮೊದಲ ಆರು ಮಾರಾಟ, ಆಮೇಲೆ ಮೂರು ಕಾಲ್ ಖರೀದಿ, ಕೊನೆಗೆ ಮೂರು ಪುಟ್ ಖರೀದಿ. ಬಿದ್ದುಹೋದ ಎರಡೂ ಪುಟ್ ಖರೀದಿ. ಅಂದ್ರೆ ಮಾರಿದ ಪುಟ್‌ನಲ್ಲಿ ಮೂರರಲ್ಲಿ ಎರಡು ಪಾಲಿಗೆ ರಕ್ಷಣೆಯೇ ಇಲ್ಲ. ಆ ಹೊತ್ತಿಗೆ ಮಾರ್ಕೆಟ್ ಜಾರಿದ್ದರೆ ನಷ್ಟಕ್ಕೆ ತಳ ಇರ್ತಿರಲಿಲ್ಲ. ನಾನು ಪರದೆ ಮುಂದೆ ಇದ್ದೆ, ಕೈಯಿಂದಲೇ ಆ ಎರಡನ್ನ ಕೊಂಡೆ. ಕಾಫಿಗೆ ಎದ್ದು ಹೋಗಿದ್ದರೆ ಕಥೆ ಬೇರೆ.

ಆಮೇಲೆ ಕೋಡಿನಲ್ಲಿ ಮೂರು ಬದಲಾವಣೆ ಮಾಡಿದೆ. ರಕ್ಷಣೆಯ ಖರೀದಿ ಮೊದಲು, ಅದು ತುಂಬಿದ ಮೇಲೆ ಮಾರಾಟ. ಆಗ ಆರ್ಡರ್ ಬಿದ್ದುಹೋದರೂ ಕೈಯಲ್ಲಿ ಉಳಿಯೋದು ಕೊಂಡ ಆಪ್ಷನ್, ಅದರ ನಷ್ಟ ಕೊಟ್ಟ ದುಡ್ಡಿಗೆ ಮುಗಿಯುತ್ತೆ. ಎರಡನೇದು, ವೇಗ ಹತ್ತಕ್ಕೆ ಅಲ್ಲ, ಆರಕ್ಕೆ ಕಟ್ಟಿದೆ. ಸೆಕೆಂಡ್ ಎಣಿಸೋದು ನನ್ನ ಗಡಿಯಾರ ಅಲ್ಲ, ಅವರದು. ನಾನು ಬಿಡಿಬಿಡಿಯಾಗಿ ಕಳಿಸಿದ್ದು ನೆಟ್‌ವರ್ಕ್‌ನಲ್ಲಿ ಗುಂಪಾಗಿ ತಲುಪಬಹುದು. ತಿದ್ದುಪಡಿ, ರದ್ದತಿಯನ್ನೂ ಆರ್ಡರ್ ಅಂತಲೇ ಎಣಿಸಿಕೊಳ್ತೀನಿ, ಹಾಗೆ ಮಾಡಿದರೆ ಕೆಟ್ಟಿದ್ದೇನಿಲ್ಲ. ಮೂರನೇದು ಮರುಪ್ರಯತ್ನ. `429` ಬಂದರೆ ಆರ್ಡರ್ ಹೋಗಿಲ್ಲ, ಸ್ವಲ್ಪ ತಡೆದು ಮತ್ತೆ ಕಳಿಸಬಹುದು. ಆದರೆ ಉತ್ತರವೇ ಬರದೆ ಟೈಮ್‌ಔಟ್ ಆದರೆ ಆರ್ಡರ್ ಹೋಗಿರಲೂಬಹುದು. ಆರ್ಡರ್ ಬುಕ್ ನೋಡದೆ ಮತ್ತೆ ಮತ್ತೆ ಕಳಿಸೋ ಕೋಡ್ ಇದೆಯಲ್ಲ, ಅದು 2011ರ ದೀಪಾವಳಿಯ ಮರಿ.

ಇನ್ನು ಗೆಳೆಯನ ವಿಷಯ. ಹೊಸ ನಿಯಮದಲ್ಲಿ ಎಪಿಐ ಆರ್ಡರ್ ಮೊದಲೇ ಬ್ರೋಕರಿಗೆ ಕೊಟ್ಟ ಬದಲಾಗದ ಐಪಿ ವಿಳಾಸದಿಂದಲೇ ಬರಬೇಕು. ಮನೆಯ ವೈಫೈ ಐಪಿ ಆಗಾಗ ಬದಲಾಗುತ್ತೆ, ಹಾಗಾಗಿ ಬಹಳ ಜನ ತಿಂಗಳ ಬಾಡಿಗೆಗೆ ಸಣ್ಣ ಕ್ಲೌಡ್ ಸರ್ವರ್ ಹಿಡಿದಿದ್ದಾರೆ. ನನ್ನ ಕೋಡನ್ನು ನಾನು, ನನ್ನ ಹೆಂಡತಿ, ನಮ್ಮನ್ನೇ ಅವಲಂಬಿಸಿರೋ ಮಕ್ಕಳು, ಅಪ್ಪ-ಅಮ್ಮ ಬಳಸಬಹುದು. ಗೆಳೆಯ ಈ ಪಟ್ಟಿಯಲ್ಲಿ ಇಲ್ಲ. ಅವನಿಗೆ ಕೊಟ್ಟರೆ ನಾನು ಆಲ್ಗೊ ಒದಗಿಸೋನಾಗ್ತೀನಿ. ಅದಕ್ಕೆ ಎಕ್ಸ್‌ಚೇಂಜಿನ ಪಟ್ಟಿಗೆ ಸೇರಬೇಕು. ಒಳಗಿನ ತರ್ಕ ತೋರಿಸದೆ ಕೊಡ್ತೀನಿ ಅಂದ್ರೆ ಸೆಬಿಯಲ್ಲಿ ರಿಸರ್ಚ್ ಅನಲಿಸ್ಟ್ ಆಗಿ ನೋಂದಣಿಯೂ ಬೇಕು.

ಇದೆಲ್ಲ 2025ರ ಆಗಸ್ಟ್ 1ಕ್ಕೆ ಜಾರಿ ಆಗಬೇಕಿತ್ತು. ಬ್ರೋಕರ್‌ಗಳು ತಯಾರಿರಲಿಲ್ಲ, ಅಕ್ಟೋಬರ್ 1ಕ್ಕೆ ಹೋಯ್ತು. ಆಮೇಲೆ ಹಂತ ಹಂತವಾಗಿ ಮಾಡಿ, ಪೂರ್ತಿ ಜಾರಿಗೆ 2026ರ ಏಪ್ರಿಲ್ 1 ಅಂತ ಗೊತ್ತುಮಾಡಿದರು. ಗೆಳೆಯನಿಗೆ ಇಷ್ಟೂ ಹೇಳಿದೆ. 'ಹಂಗಾದ್ರೆ ಪೈಥಾನ್ ಹೇಳ್ಕೊಡು' ಅಂದ. ಶನಿವಾರ ಬಾ ಅಂದಿದೀನಿ. ಮೊದಲ ಪಾಠ ಆರ್ಡರ್ ಹಾಕೋದಲ್ಲ, ಆರ್ಡರ್ ಬುಕ್ ಓದೋದು.