ಪ್ರವಾಸ ಖರ್ಚಿನ ಶೀಟ್: ದಿನದ ಮಿತಿ ಮೀರಿದ್ದು ತಿಳಿಯುವ ಬಗೆ

ಕಂಪನಿ ಕೆಲಸಕ್ಕೆ ಊರೂರು ಸುತ್ತುವವರು ಹಿಂದಿರುಗಿದ ಮೇಲೆ ಅಕೌಂಟ್ಸ್ ವಿಭಾಗಕ್ಕೆ ಕೊಡುವ ಲೆಕ್ಕವೇ ಖರ್ಚಿನ ಕ್ಲೇಮ್. ಬಹಳಷ್ಟು ಕಚೇರಿಗಳಲ್ಲಿ ಇದಕ್ಕೆ ಎಕ್ಸೆಲ್ ಅಥವಾ ಗೂಗಲ್ ಶೀಟ್ ಬಳಸುತ್ತಾರೆ. ಒಂದು ಬಿಲ್ಲಿಗೆ ಒಂದು ಸಾಲು. ನಿಯಮ ಮೀರಿದ ಸಾಲನ್ನು ಶೀಟ್ ತಾನೇ ಗುರುತಿಸಬೇಕು ಎಂಬುದು ಎಲ್ಲರ ಅಪೇಕ್ಷೆ. ಅದು ಸರಿಯಾಗಿ ಆಗಬೇಕಾದರೆ ಲೆಕ್ಕ ಬಿಲ್ಲಿನದ್ದಾಗಿರದೆ ದಿನದ್ದಾಗಿರಬೇಕು.

ವಿಭಾಗಗಳು

ಊಟ-ತಿಂಡಿ, ವಸತಿ, ಬಸ್ಸು-ರೈಲು, ಆಟೊ-ಟ್ಯಾಕ್ಸಿ: ಇಷ್ಟಿದ್ದರೆ ಸಾಮಾನ್ಯವಾಗಿ ಸಾಕು. ಪ್ರತಿ ವಿಭಾಗದ ಮಿತಿಯನ್ನು `Limits` ಎಂಬ ಬೇರೆ ಹಾಳೆಯಲ್ಲಿ ಇಡಬೇಕು. ಮಿತಿ ಬದಲಾದಾಗ ಅಲ್ಲೊಂದು ಕಡೆ ತಿದ್ದಿದರೆ ಮುಗಿಯಿತು. ವಿಭಾಗದ ಹೆಸರನ್ನು ಕೈಯಲ್ಲಿ ಟೈಪ್ ಮಾಡಲು ಬಿಡದೆ ಪಟ್ಟಿಯಿಂದ ಆರಿಸುವಂತೆ ಮಾಡುವುದು ಒಳ್ಳೆಯದು, ಏಕೆಂದರೆ ಹೆಸರಿನ ಕೊನೆಗೆ ಒಂದು ಸ್ಪೇಸ್ ಹೆಚ್ಚಾದರೂ ಶೀಟಿಗೆ ಮಿತಿ ಸಿಗುವುದಿಲ್ಲ. ‘ಇತರೆ’ ಎಂಬ ವಿಭಾಗವನ್ನೂ ಇಟ್ಟರೆ ಅದಕ್ಕೂ ಮಿತಿ ಇರಲೇಬೇಕು. ಇಲ್ಲದಿದ್ದರೆ ಬೇರೆಡೆ ಮಿತಿ ಮೀರಿದ್ದೆಲ್ಲ ಅಲ್ಲಿಗೇ ಬಂದು ಸೇರುತ್ತದೆ.

ದಿನದ ಮಿತಿಯ ಲೆಕ್ಕ

ಹುಬ್ಬಳ್ಳಿಗೆ ಹೋದ ಒಬ್ಬ ಮಾರಾಟ ಪ್ರತಿನಿಧಿಯ ಒಂದು ದಿನವನ್ನು ಉದಾಹರಣೆಯಾಗಿ ನೋಡೋಣ. ಊಟ-ತಿಂಡಿಗೆ ದಿನಕ್ಕೆ 600 ರೂಪಾಯಿ ಮಿತಿ. ಬೆಳಗಿನ ತಿಂಡಿಗೆ 110, ಮಧ್ಯಾಹ್ನದ ಊಟಕ್ಕೆ 240, ರಾತ್ರಿ ಊಟಕ್ಕೆ 330, ಆಮೇಲೆ ಚಹಾಕ್ಕೆ 40 ಆಗಿದೆ. ಯಾವ ಬಿಲ್ಲೂ 600 ದಾಟಿಲ್ಲ. ಹಾಗಾಗಿ ಸಾಲು ಸಾಲಾಗಿ ಮಿತಿಗೆ ಹೋಲಿಸುವ ಶೀಟ್ ಸುಮ್ಮನಿರುತ್ತದೆ. ಒಟ್ಟು ಮಾತ್ರ 720.

A ಕಾಲಂನಲ್ಲಿ ದಿನಾಂಕ, B ಯಲ್ಲಿ ವಿಭಾಗ, C ಯಲ್ಲಿ ಬಿಲ್ ಸಂಖ್ಯೆ, D ಯಲ್ಲಿ ಮೊತ್ತ ಇದ್ದರೆ, E ಮತ್ತು F ಕಾಲಂಗಳಿಗೆ ಕ್ರಮವಾಗಿ ಈ ಸೂತ್ರಗಳು:

```
=SUMIFS(D$2:D2,A$2:A2,A2,B$2:B2,B2)
=MIN(D2,MAX(0,E2-VLOOKUP(B2,Limits!A:B,2,FALSE)))
```

ಮೊದಲನೆಯದು ಅದೇ ದಿನ, ಅದೇ ವಿಭಾಗದಲ್ಲಿ ಆ ಸಾಲಿನವರೆಗೆ ಆದ ಖರ್ಚನ್ನು ಕೂಡುತ್ತ ಹೋಗುತ್ತದೆ: 110, 350, 680, 720. ಎರಡನೆಯದು ಆ ಸಾಲಿನಿಂದ ಎಷ್ಟು ಹೆಚ್ಚಾಯಿತು ಎಂದು ಹೇಳುತ್ತದೆ. ರಾತ್ರಿ ಊಟದ ಸಾಲಿನಲ್ಲಿ 80, ಚಹಾದ ಸಾಲಿನಲ್ಲಿ 40. `MIN` ಇಲ್ಲದಿದ್ದರೆ ಚಹಾದ ಎದುರು 120 ಬಂದು, ಹಿಂದಿನ 80 ಎರಡು ಸಲ ಲೆಕ್ಕಕ್ಕೆ ಸೇರುತ್ತಿತ್ತು. ಸಾಲುಗಳ ಕ್ರಮ ಬದಲಾದರೆ ಗುರುತು ಬೇರೆ ಬಿಲ್ಲಿನ ಮೇಲೆ ಬೀಳಬಹುದು, ಆದರೆ ದಿನದ ಒಟ್ಟು ಹೆಚ್ಚಳ 120 ಆಗಿಯೇ ಉಳಿಯುತ್ತದೆ. F ಸೊನ್ನೆಗಿಂತ ಹೆಚ್ಚಿದ್ದರೆ ಸಾಲು ಕೆಂಪಾಗುವಂತೆ ಮಾಡಿದರೆ ಗುರುತು ಸಿದ್ಧ.

ಒಂದೊಂದು ಮೊತ್ತವೂ ಮಿತಿಯೊಳಗಿದ್ದು ಒಟ್ಟು ಮಾತ್ರ ಮೀರುವ ಈ ಸಮಸ್ಯೆ ತೆರಿಗೆ ಕಾನೂನಿಗೂ ಎದುರಾಗಿತ್ತು. ವ್ಯವಹಾರದ ಖರ್ಚಿಗೆ 20,000 ರೂಪಾಯಿ ಮೀರಿ ನಗದು ಕೊಟ್ಟರೆ ಆ ಖರ್ಚನ್ನು ಆದಾಯದಿಂದ ಕಳೆಯುವಂತಿರಲಿಲ್ಲ. ಆದರೆ ಅದೇ ಹಣವನ್ನು ಸಣ್ಣ ಪಾವತಿಗಳಾಗಿ ಒಡೆಯಲು ದಾರಿ ಇತ್ತು. 2008ರ ಹಣಕಾಸು ಕಾಯ್ದೆ ಒಬ್ಬರಿಗೆ ಒಂದು ದಿನದಲ್ಲಿ ಕೊಟ್ಟ ಒಟ್ಟು ಮೊತ್ತವನ್ನೇ ಲೆಕ್ಕಕ್ಕೆ ತೆಗೆದುಕೊಂಡಿತು. 2017ರಲ್ಲಿ ಆ ಮಿತಿ 10,000ಕ್ಕೆ ಇಳಿಯಿತು.

ಗುರುತು ಬೀಳದೇ ಹೋಗುವುದು

ತಪ್ಪು ಗುರುತಿಗಿಂತ ಬೀಳದ ಗುರುತು ಹೆಚ್ಚು ಅಪಾಯಕಾರಿ, ಏಕೆಂದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಮೊತ್ತದ ಜಾಗದಲ್ಲಿ ಯಾರಾದರೂ ‘330 ರೂ.’ ಎಂದು ಬರೆದರೆ ಶೀಟಿಗೆ ಅದು ಸಂಖ್ಯೆಯಲ್ಲ, ಅಕ್ಷರ. `SUMIFS` ಅದನ್ನು ಬಿಟ್ಟು ಕೂಡುತ್ತದೆ. ಮೇಲಿನ ದಿನದ ಒಟ್ಟು 390ಕ್ಕೆ ಇಳಿಯುತ್ತದೆ, ಎಲ್ಲವೂ ಸರಿಯಿರುವಂತೆ ಕಾಣುತ್ತದೆ. ಕಾಲಂನ ಜೋಡಣೆಯನ್ನು ಬದಲಿಸಿರದಿದ್ದರೆ ಒಂದು ಸುಳಿವು ಸಿಗುತ್ತದೆ: ಸಂಖ್ಯೆ ಬಲಕ್ಕೆ ಅಂಟಿ ನಿಲ್ಲುತ್ತದೆ, ಅಕ್ಷರ ಎಡಕ್ಕೆ. D ಕಾಲಂಗೆ ಸಂಖ್ಯೆ ಬಿಟ್ಟು ಬೇರೇನೂ ಹೋಗದಂತೆ ಡೇಟಾ ವ್ಯಾಲಿಡೇಶನ್ ಹಾಕುವುದೇ ಇದಕ್ಕೆ ಪರಿಹಾರ.

ದಿನಾಂಕದಲ್ಲೂ ಇದೇ ಕಥೆ. ಶೀಟ್ ಅಮೆರಿಕದ ಕ್ರಮದಲ್ಲಿದ್ದರೆ 12/03 ಎಂಬುದು ಡಿಸೆಂಬರ್ 3 ಆಗುತ್ತದೆ. 13/03 ದಿನಾಂಕವೇ ಆಗದೆ ಅಕ್ಷರವಾಗಿ ಉಳಿಯುತ್ತದೆ.

ಎರಡು ಸಲ ಬಂದ ಬಿಲ್

ಹೋಟೆಲಿನ ಬಿಲ್ಲನ್ನೂ ಅದಕ್ಕೇ ಮಾಡಿದ ಯುಪಿಐ ಪಾವತಿಯ ಸ್ಕ್ರೀನ್‌ಶಾಟನ್ನೂ ಬೇರೆ ಬೇರೆ ಸಾಲಿನಲ್ಲಿ ತುಂಬುವುದುಂಟು. ಎರಡರ ಸಂಖ್ಯೆ ಬೇರೆಯಾದ್ದರಿಂದ ಬಿಲ್ ಸಂಖ್ಯೆ ಹೋಲಿಸಿದರೆ ಪತ್ತೆಯಾಗದು. ದಿನಾಂಕ ಮತ್ತು ಮೊತ್ತವನ್ನು ಹೋಲಿಸಬೇಕು:

```
=COUNTIFS(A:A,A2,D:D,D2)>1
```

ಒಂದೇ ದಿನ ಹೋಗಿ ಬರುವ ಆಟೊಗೆ ತಲಾ 60 ಕೊಟ್ಟಿದ್ದರೂ ಇದು ಗುರುತು ಹಾಕುತ್ತದೆ. ಅದನ್ನು ಮನುಷ್ಯರೇ ನೋಡಿ ಬಿಡಬೇಕು.

ಗುರುತು ಬಿದ್ದ ಮೇಲೆ

ಗುರುತು ಬಿದ್ದಿತೆಂದು ಹಣ ಕಡಿತವಾಗಬಾರದು, ಮೊದಲು ವಿಚಾರಣೆ ಆಗಬೇಕು. ಲಾಡ್ಜಿನಲ್ಲಿ ಹಿಂದಿನ ರಾತ್ರಿ ಮಾಡಿದ ಊಟದ ದುಡ್ಡು ಮರುದಿನ ಕೋಣೆ ಬಿಡುವಾಗಿನ ಬಿಲ್ಲಿನಲ್ಲಿ ಬರುತ್ತದೆ. ಬಿಲ್ಲಿನ ದಿನಾಂಕವನ್ನೇ ತುಂಬಿದರೆ ಎರಡನೇ ದಿನ ಮಿತಿ ಮೀರಿದಂತೆ ಕಾಣುತ್ತದೆ, ಮೊದಲ ದಿನ ಖಾಲಿ ಇರುತ್ತದೆ. ಇಂಥ ಬಿಲ್ಲನ್ನು ಕೋಣೆ ಬಾಡಿಗೆ ಒಂದು ಸಾಲು, ಊಟ ಇನ್ನೊಂದು ಸಾಲು ಎಂದು ಒಡೆದು, ಊಟ ಮಾಡಿದ ದಿನಾಂಕವನ್ನೇ ಹಾಕಬೇಕು. ವಿಚಾರಣೆಗೆ ಅನುಕೂಲವಾಗುವಂತೆ ಪ್ರತಿ ಸಾಲಿನ ಕೊನೆಗೆ ‘ಕಾರಣ’ ಎಂಬ ಕಾಲಂ ಇರಲಿ. ಕೆಂಪಾದ ಸಾಲಿನಲ್ಲಿ ಅದು ಖಾಲಿ ಇದ್ದರೆ ಮಾತ್ರ ಕ್ಲೇಮ್ ವಾಪಸ್ ಹೋಗಲಿ.